ಭಾನುವಾರ ಕಾರ್ಯಕ್ರಮ ಇಲ್ಲ

ಸಭಾಂಗಣದ ಟಿಕೆಟ್ ಕಿಂಡಿಯಲ್ಲಿ ಇಪ್ಪತ್ತಮೂರು ವರ್ಷ ಕೂತವಳಿಗೆ ಊರು ಕಿಂಡಿಯಮ್ಮ ಎಂದೇ ಹೆಸರಿಟ್ಟಿತ್ತು. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಗಾಜಿನಲ್ಲಿ ಮಾತಾಡಲು ಕೊರೆದ ತೂತುಗಳು ಸ್ವಲ್ಪ ಕೆಳಗಿದ್ದುದರಿಂದ ಬಂದವರೆಲ್ಲ ಬಗ್ಗಿ ಮಾತಾಡಬೇಕಿತ್ತು. ಹಾಗಾಗಿ ಊರಿನ ದೊಡ್ಡವರು ಚಿಕ್ಕವರೆಲ್ಲ ಒಂದಲ್ಲ ಒಂದು ದಿನ ತನಗೆ ತಲೆಬಾಗಿದ್ದಾರೆ ಎಂದು ಅವಳು ಮನೆಯಲ್ಲಿ ಹೇಳಿ ನಗುತ್ತಿದ್ದಳು.

ಸಭಾಂಗಣದ ಎಂಟುನೂರ ಹನ್ನೆರಡು ಕುರ್ಚಿಗಳೂ ಅವಳಿಗೆ ಬಾಯಿಪಾಠ. ಯಾವುದರ ಕೈ ಅಲ್ಲಾಡುತ್ತದೆ, ಯಾವುದಕ್ಕೆ ಕಂಬ ಅಡ್ಡ ಬರುತ್ತದೆ, ಯಾವ ಕಡೆ ಫ್ಯಾನಿನ ಸದ್ದು ಹೆಚ್ಚು ಎಲ್ಲವೂ ಗೊತ್ತು. ಎಚ್ ಸಾಲು ಮುಗಿದರೆ ಮುಂದಿನದು ಜೆ. ನಡುವೆ ಐ ಸಾಲು ಇಲ್ಲ, ಯಾಕೆಂದರೆ ಆ ಅಕ್ಷರ ಒಂದರ ಅಂಕಿಯ ಹಾಗೆ ಕಾಣುತ್ತದೆ ಎಂದು ಕಟ್ಟಿದವರೇ ಬಿಟ್ಟಿದ್ದರು. ಸೊನ್ನೆಯ ಹಾಗೆ ಕಾಣುವ ಓ ಸಾಲೂ ಇಲ್ಲ. ಈ ಸಣ್ಣ ಸಂಗತಿ ಮುಂದೊಂದು ದಿನ ನಕಲಿಯನ್ನು ಹಿಡಿಯಲು ಬೇಕಾಗುತ್ತದೆ ಎಂದು ಅವಳೇನು ಕನಸು ಕಂಡಿರಲಿಲ್ಲ.

ಮೊದಮೊದಲು ಜನ ನೋಟು ಹಿಡಿದು ಬರುತ್ತಿದ್ದರು. ಆಮೇಲೆ ಫೋನು ಹಿಡಿದು ಬರತೊಡಗಿದರು. ಮೂರು ವರ್ಷದ ಹಿಂದೆ ಒಂದು ಹಾಸ್ಯ ಕಾರ್ಯಕ್ರಮದ ದಿನ ನಲವತ್ತು ಮಂದಿ ಒಂದೇ ಥರದ ನಕಲಿ ಟಿಕೆಟ್ ತೋರಿಸಿದ್ದರು. ಅವರಲ್ಲೊಬ್ಬ ಮುದುಕ ಮೆಟ್ಟಿಲ ಮೇಲೆ ಕೂತು, ಇದು ನಕಲಿ ಅಂತ ನನಗೆ ಹೇಗಮ್ಮಾ ಗೊತ್ತಾಗ್ಬೇಕು ಎಂದು ಕೇಳಿದ. ಆ ಪ್ರಶ್ನೆ ಅವಳನ್ನು ಕೊರೆಯಿತು. ಅವತ್ತಿನಿಂದ ಊಟದ ಬಿಡುವಿನಲ್ಲಿ ಕಲಾವಿದರ ಪುಟಗಳನ್ನು ತೆರೆದು ಕಣ್ಣಲ್ಲಿ ಕಣ್ಣಿಟ್ಟು ಓದತೊಡಗಿದಳು. ವಿಳಾಸದಲ್ಲಿ ಮೊದಲು ಏನಿದೆ ಎಂಬುದು ಮುಖ್ಯವಲ್ಲ ಎಂದು ತಿಳಿದುಕೊಂಡಳು. ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಬೇಕು, ಅದರ ಹಿಂದೆ, ಡಾಟ್ ಕಾಮ್ ಥರದ ಬಾಲಕ್ಕೆ ಅಂಟಿಕೊಂಡಿರುವ ಹೆಸರೇ ಆ ಮನೆಯ ಒಡೆಯ. ಅದಕ್ಕಿಂತ ಮುಂಚೆ ಸಭಾಂಗಣದ ಹೆಸರನ್ನೋ ಗಾಯಕರ ಹೆಸರನ್ನೋ ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು.

ಅಷ್ಟು ಕಲಿತದ್ದನ್ನು ಮನೆಯಲ್ಲಿ ಅಕ್ಕನಿಗೂ ಕಲಿಸಿದಳು. ಅಕ್ಕ ಅವಳಿಗಿಂತ ಏಳು ವರ್ಷ ದೊಡ್ಡವಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ರಕ್ತ ಪರೀಕ್ಷೆ ಮಾಡಿ ನಿವೃತ್ತಳಾಗಿದ್ದಳು. ಇಬ್ಬರೂ ಒಂದೇ ಮನೆಯಲ್ಲಿದ್ದರು. ಅಕ್ಕನಿಗೆ ಒಬ್ಬಳೇ ಒಬ್ಬ ಗಾಯಕಿಯ ಹುಚ್ಚು. ಆ ಗಾಯಕಿಯ ಗಂಟಲು ಸ್ವಲ್ಪ ಒಡೆದಂತಿದ್ದು, ಅಭಿಮಾನಿಗಳು ಅವಳನ್ನು ಪ್ರೀತಿಯಿಂದ ಒಡಕುದನಿ ಎನ್ನುತ್ತಿದ್ದರು. ಅಕ್ಕ ಆರು ವರ್ಷದಿಂದ ಅವಳ ಪುಟವನ್ನು ಹಿಂಬಾಲಿಸುತ್ತಿದ್ದಳು. ಎದುರಿಗೆ ಕೂತು ಕೇಳಿದ್ದು ಮಾತ್ರ ಒಮ್ಮೆಯೂ ಇಲ್ಲ.

ಆ ವರ್ಷ ಒಡಕುದನಿ ಕಿಂಡಿಯಮ್ಮನ ಸಭಾಂಗಣಕ್ಕೇ ಬರುವುದೆಂದು ಗೊತ್ತಾಯಿತು. ಹದಿನಾಲ್ಕನೇ ತಾರೀಖು, ಶನಿವಾರ. ಅರ್ಧ ಟಿಕೆಟ್ ಕಿಂಡಿಯಲ್ಲಿ, ಅರ್ಧ ಸಭಾಂಗಣದ್ದೇ ಜಾಲತಾಣದಲ್ಲಿ. ಅಕ್ಕ ಆಗ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೋಗಿದ್ದಳು. ಶನಿವಾರ ಮರುಪರೀಕ್ಷೆಗೆ ದೂರದ ಆಸ್ಪತ್ರೆಗೆ ಹೋಗಲೇಬೇಕಿದ್ದರಿಂದ ತನಗೆ ಟಿಕೆಟ್ ಬೇಡ ಎಂದಳು. ಹತ್ತು ದಿನದಲ್ಲಿ ಎಲ್ಲಾ ಮುಗಿದು ಹೋಯಿತು. ಕಿಂಡಿಯಮ್ಮ ಗಾಜಿಗೆ "ಟಿಕೆಟ್ ಖಾಲಿ" ಎಂಬ ಹಲಗೆ ತಗುಲಿಹಾಕಿದಳು.

ಹಲಗೆ ಬಿದ್ದ ಮಾರನೇ ದಿನದಿಂದ ತಲೆನೋವು ಶುರುವಾಯಿತು. ಫೇಸ್‌ಬುಕ್ಕಿನಲ್ಲಿ ಗಾಯಕಿಯ ಹೆಸರಿನ ಇನ್ನೊಂದು ಪುಟ ಹುಟ್ಟಿಕೊಂಡು, ಶನಿವಾರಕ್ಕೆ ಹೆಚ್ಚುವರಿ ಸೀಟುಗಳಿವೆ, ಎರಡು ಕೊಂಡರೆ ಗಾಯಕಿ ಸಹಿ ಮಾಡಿದ ಟೀ ಶರ್ಟ್ ಉಚಿತ ಎಂದು ಸಾರುತ್ತಿತ್ತು. ತಾರೀಖು ಸರಿಯಾಗಿತ್ತು, ಸಭಾಂಗಣ ಸರಿಯಾಗಿತ್ತು, ಫೋಟೋ ಅಸಲಿ ಪುಟದ್ದೇ. ಆದರೆ ಅಸಲಿ ಪುಟಕ್ಕೆ ಕೊಡುವ ನೀಲಿ ಗುರುತು ಹೆಸರಿನ ಪಕ್ಕದಲ್ಲಿ ಇರಲಿಲ್ಲ. ಅದನ್ನು ಫೋಟೋದ ಮೂಲೆಯಲ್ಲಿ ಚಿತ್ರವಾಗಿ ಬಿಡಿಸಿದ್ದರು. ಪುಟದ ಚರಿತ್ರೆ ತೆರೆದರೆ, ಮೂರು ವಾರದ ಹಿಂದೆ ಅದು ಚಪ್ಪಲಿ ರಿಯಾಯಿತಿ ಮಾರಾಟದ ಪುಟವಾಗಿತ್ತು. ಎಂಬತ್ತು ಸಾವಿರ ಹಿಂಬಾಲಕರು ಚಪ್ಪಲಿಯ ಕಾಲದವರು. ಟೀ ಶರ್ಟಿನ ಬೆನ್ನಲ್ಲಿ ಅಚ್ಚಾದ ಪ್ರವಾಸದ ಪಟ್ಟಿಯಲ್ಲಿ ಗಾಯಕಿ ಒಂದೇ ಸಂಜೆ ಎರಡು ಊರುಗಳಲ್ಲಿ ಹಾಡುತ್ತಿದ್ದಳು. ಲಿಂಕಿನ ವಿಳಾಸ ಸಭಾಂಗಣದ ಹೆಸರಿನಿಂದಲೇ ಶುರುವಾದರೂ ಬಾಲದ ಹತ್ತಿರ ಇನ್ಯಾರದೋ ಹೆಸರಿತ್ತು. ದುಡ್ಡು ಹೋಗುತ್ತಿದ್ದದ್ದು ಒಬ್ಬ ವ್ಯಕ್ತಿಯ ಖಾತೆಗೆ.

ದಿನಕ್ಕೆ ಏಳೆಂಟು ಜನ ಫೋನು ಗಾಜಿಗೆ ಒತ್ತಿ ಹಿಡಿಯುತ್ತಿದ್ದರು. ಕೊಳ್ಳುವ ಮುಂಚೆ ಕೇಳಲು ಬಂದವರು ಪುಣ್ಯವಂತರು. ಕೊಂಡ ಮೇಲೆ ಬಂದವರಿಗೆ, ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಪೊಲೀಸರಿಗೆ ದೂರು ಕೊಡಿ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತು. ಅವರು ಪುಟದ ಕೆಳಗೆ ಮೋಸ ಎಂದು ಬರೆದರೆ ಆ ಮಾತು ಅರ್ಧ ಗಂಟೆಯಲ್ಲಿ ಮಾಯವಾಗುತ್ತಿತ್ತು. ಉಳಿಯುತ್ತಿದ್ದದ್ದು "ಸಿಕ್ಕಿತು, ಧನ್ಯವಾದ" ಎನ್ನುವವರು ಮಾತ್ರ, ಎಲ್ಲರದೂ ಒಂದೇ ಒಕ್ಕಣೆ. ಕಿಂಡಿಯಮ್ಮ ಪುಟದ ಮೇಲೆ ಫೇಸ್‌ಬುಕ್ಕಿಗೆ ಆರು ಸಲ ದೂರು ಕೊಟ್ಟಳು. ಪ್ರತಿ ಸಲವೂ ಈ ಪುಟ ನಮ್ಮ ನಿಯಮ ಮೀರಿಲ್ಲ ಎಂಬ ಉತ್ತರ ಬಂತು. ಮಹಡಿಯ ಮೇಲಿನ ಮ್ಯಾನೇಜರ ಬಳಿ ಹೋಗಿ, ನಮ್ಮ ಜಾಲತಾಣದಲ್ಲಿ ಒಂದು ಎಚ್ಚರಿಕೆಯಾದರೂ ಹಾಕಿಸಿ ಎಂದಳು. ನೋಡೋಣ ಎಂದರು. ಮ್ಯಾನೇಜರ ನೋಡೋಣ ಎಂಬ ಮಾತು ನೀರಿಗೆ ಹಾಕಿದ ಕಲ್ಲು, ಮತ್ತೆ ಮೇಲೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಅಂಥದೊಂದು ಮಂಗಳವಾರ, ಹನ್ನೊಂದು ಜನಕ್ಕೆ ಹನ್ನೊಂದು ಸಲ ಅದೇ ಪುರಾಣ ಒದರಿ ಮನೆಗೆ ಬಂದಳು. ಚಪ್ಪಲಿ ಬಿಡುವಷ್ಟರಲ್ಲೇ ಅಕ್ಕ ಅಡುಗೆಮನೆಯಿಂದ ಫೋನು ಹಿಡಿದು ಬಂದಳು. ಅವಳ ಮುಖ ಅರಳಿತ್ತು. ಹಾಡು ಕೇಳುವ ಆ್ಯಪಿನಲ್ಲಿ ಒಡಕುದನಿಯ ಪುಟದಲ್ಲಿ ಹೊಸ ತಾರೀಖು ಬಂದಿತ್ತು. ಹದಿನೈದು, ಭಾನುವಾರ, ಅದೇ ಸಭಾಂಗಣ, ಎರಡನೇ ಕಾರ್ಯಕ್ರಮ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಮುಂಗಡ ಮಾರಾಟ.

ಕಿಂಡಿಯಮ್ಮ ನಿಂತಲ್ಲೇ ಓದಿದಳು. ಲಿಂಕು ಸಭಾಂಗಣದ ಜಾಲತಾಣಕ್ಕೆ ಹೋಗುತ್ತಿರಲಿಲ್ಲ, ಯಾವುದೋ ಟಿಕೆಟ್ ಕಂಪನಿಗೆ ಹೋಗುತ್ತಿತ್ತು. ಸಭಾಂಗಣದ ಡೈರಿಯಲ್ಲಿ ಆ ಭಾನುವಾರದ ಎದುರಿಗೆ "ನೆಲ ಪಾಲಿಶ್" ಎಂದು ಅವಳದೇ ಕೈಬರಹವಿತ್ತು. ಆ್ಯಪಿನಲ್ಲಿ ಬರುವ ತಾರೀಖುಗಳನ್ನು ಕಲಾವಿದರೇ ಕೂತು ಬರೆಯುವುದಿಲ್ಲ, ಟಿಕೆಟ್ ಮಾರುವವರ ಪಟ್ಟಿಯಿಂದ ತಾನಾಗಿ ಬಂದು ಕೂರುತ್ತವೆ ಎಂಬುದೂ ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಒಬ್ಬ ಕೊಳಲು ವಾದಕರ ಪುಟದಲ್ಲಿ ಅದೇ ಹೆಸರಿನ ಬೇರೊಬ್ಬನ ಕಾರ್ಯಕ್ರಮ ಬಂದು ಕೂತು ದೊಡ್ಡ ರಾದ್ಧಾಂತವಾಗಿತ್ತು.

"ಸುಳ್ಳು ಇದು. ಮುಟ್ಟಬೇಡ," ಎಂದಳು.

ಅಕ್ಕ ಸುಮ್ಮನಾಗಲಿಲ್ಲ. ನೀಲಿ ಗುರುತು ಹೆಸರಿನ ಪಕ್ಕದಲ್ಲೇ ಇದೆ, ಇದು ತಾನು ಆರು ವರ್ಷದಿಂದ ನೋಡುತ್ತಿರುವ ಪುಟವೇ, ಗಾಯಕಿಯ ಸ್ವಂತ ಜಾಲತಾಣಕ್ಕೆ ಹೋಗಿ ನೋಡಿದರೂ ಅದೇ ತಾರೀಖು ಅದೇ ಲಿಂಕು ಇದೆ, ಅಭಿಮಾನಿಗಳಿಗೆ ಕಳಿಸುವ ಪತ್ರದಲ್ಲಿ ಮುಂಗಡ ಮಾರಾಟದ ಗುಟ್ಟಿನ ಸಂಖ್ಯೆಯೂ ಬಂದಿದೆ, ಹಿಂದೆ ಆ ಜಾಲತಾಣದ ಅಂಗಡಿಯಿಂದ ತರಿಸಿದ ಟೀ ಶರ್ಟು ಸರಿಯಾಗಿ ಬಂದಿತ್ತಲ್ಲ ಎಂದು ಒಂದೊಂದಾಗಿ ಹೇಳಿದಳು. ಪ್ರಯೋಗಾಲಯದ ವರದಿ ಓದುವ ಧಾಟಿಯಲ್ಲೇ ಹೇಳಿದಳು.

ಕಿಂಡಿಯಮ್ಮನಿಗೆ ಕೇಳುವ ತಾಳ್ಮೆ ಉಳಿದಿರಲಿಲ್ಲ.

"ನಮ್ಮ ಹಾಲಲ್ಲಿ ನನಗೆ ಗೊತ್ತಿಲ್ದೆ ಕಾರ್ಯಕ್ರಮ ನಡೆಯುತ್ತೇನೆ ಅಕ್ಕಾ? ಇಪ್ಪತ್ಮೂರು ವರ್ಷ ನಾನಲ್ಲಿ ಏನು ಕುರ್ಚಿ ಕಾಯ್ತಾ ಕೂತಿದ್ನಾ?"

ಅಕ್ಕ ಫೋನು ಆರಿಸಿ ಮೇಜಿನ ಮೇಲೆ ಬೋರಲು ಇಟ್ಟಳು. ಒಲೆಯ ಮೇಲಿನ ಸಾರು ಉಕ್ಕುತ್ತಿತ್ತು, ಅದನ್ನು ನೋಡಲು ಹೋದಳು. ಬುಧವಾರ ಹತ್ತು ಗಂಟೆಗೆ ಅವಳು ಏನೂ ಕೊಳ್ಳಲಿಲ್ಲ.

ಅದೇ ಬುಧವಾರ ಕಿಂಡಿಯಮ್ಮ ದೊಡ್ಡ ಅಕ್ಷರದಲ್ಲಿ ಕಾಗದ ಬರೆದು ಗಾಜಿಗೆ ಅಂಟಿಸಿದಳು: "ಭಾನುವಾರ ಕಾರ್ಯಕ್ರಮ ಇಲ್ಲ. ಮೋಸ ಹೋಗಬೇಡಿ." ಕೇಳಲು ಬಂದ ಮೂವತ್ತು ನಲವತ್ತು ಮಂದಿಗೆ ಬಾಯಲ್ಲೂ ಹೇಳಿದಳು. ಅವರಲ್ಲಿ ಹೆಚ್ಚಿನವರು ಕೈ ಮುಗಿದು ಹೋದರು. ಯಾರೋ ಆ ಕಾಗದದ ಫೋಟೋ ತೆಗೆದುಕೊಂಡು ಹೋದದ್ದನ್ನು ಅವಳು ಗಮನಿಸಿದರೂ ಒಳ್ಳೆಯದೇ ಆಯಿತು, ನಾಲ್ಕು ಜನಕ್ಕೆ ತಿಳಿಯಲಿ ಎಂದುಕೊಂಡಳು.

ಶನಿವಾರ, ಅಂದರೆ ಕಾರ್ಯಕ್ರಮಕ್ಕೆ ಇನ್ನೂ ಒಂದು ವಾರವಿದ್ದಾಗ, ಒಬ್ಬ ಬಡಗಿ ಕಿಂಡಿಗೆ ಬಂದ. ಕಿವಿಯ ಮೇಲೆ ಪೆನ್ಸಿಲ್ ಇನ್ನೂ ಸಿಕ್ಕಿಸಿಕೊಂಡೇ ಇದ್ದ. ಹೆಂಡತಿಗಾಗಿ ಭಾನುವಾರದ ಎರಡು ಟಿಕೆಟ್ ಕೊಂಡಿದ್ದೇನೆ, ನಿಮ್ಮ ಕಾಗದ ನೋಡಿ ಎದೆ ಧಸಕ್ ಅಂತು ಎಂದ. ಕಿಂಡಿಯಮ್ಮ ಎಂದಿನಂತೆ ಸೀಟು ನಂಬರು ನೋಡಿದಳು. ಜೆ ಸಾಲು, ಇಪ್ಪತ್ತೊಂದು ಮತ್ತು ಇಪ್ಪತ್ತೆರಡು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ "ವೇದಿಕೆಯ ಒಂದು ಭಾಗ ಕಾಣದು" ಎಂದಿತ್ತು.

ಅವಳ ಬೆರಳು ಅಲ್ಲೇ ನಿಂತಿತು. ಜೆ ಇಪ್ಪತ್ತೊಂದು, ಇಪ್ಪತ್ತೆರಡಕ್ಕೆ ಎಡಗಡೆಯ ಕಂಬ ಅಡ್ಡ. ಇದು ಸಭಾಂಗಣದ ನಕ್ಷೆ ಕೈಯಲ್ಲಿ ಇಟ್ಟುಕೊಂಡವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ನಕಲಿ ಮಾರುವವನಿಗೆ ಕಂಬದ ಚಿಂತೆ ಯಾಕೆ? ಅವಳು ತನ್ನ ಕಂಪ್ಯೂಟರಿನಲ್ಲಿ ಆ ಟಿಕೆಟ್ ಕಂಪನಿಯ ತಾಣವನ್ನು ತಾನೇ ಅಕ್ಷರ ಒತ್ತಿ ತೆರೆದಳು. ಕುರ್ಚಿಗಳ ನಕ್ಷೆ ಬಂತು. ಎಚ್ ಆದ ಮೇಲೆ ಜೆ, ಎನ್ ಆದ ಮೇಲೆ ಪಿ. ಕೈ ಮುರಿದು ಮೂಲೆಗಿಟ್ಟ ಕುರ್ಚಿಯ ಜಾಗ ಕೂಡ ಖಾಲಿ ಬಿಟ್ಟಿತ್ತು. ನಕ್ಷೆಯ ಮೇಲೆ ಅಡ್ಡಲಾಗಿ "ಎಲ್ಲಾ ಟಿಕೆಟ್ ಮಾರಾಟವಾಗಿವೆ" ಎಂಬ ಪಟ್ಟಿ. ಬಡಗಿಗೆ ಐದು ನಿಮಿಷ ನಿಲ್ಲಲು ಹೇಳಿ ಮಹಡಿ ಹತ್ತಿದಳು.

ಮ್ಯಾನೇಜರು ಚಹಾ ಕುಡಿಯುತ್ತಿದ್ದರು. ಭಾನುವಾರದ ವಿಷಯ ಎತ್ತುತ್ತಲೇ ಅವರು ಆರಾಮವಾಗಿ ತಲೆಯಾಡಿಸಿದರು.

"ಹೌದಲ್ಲ, ಎರಡನೇ ಶೋ ಇದೆ. ಪಾಲಿಶ್‌ನೋರಿಗೆ ಮುಂದಿನ ವಾರ ಬನ್ನಿ ಅಂದೆ. ನಿಮಗೆ ಹೇಳಿರ್ಲಿಲ್ವಾ?"

"ಇಲ್ಲ ಸಾರ್."

"ಟಿಕೆಟ್ ಎಲ್ಲಾ ಅವರ ಕಂಪನಿನೇ ಮಾರ್ಕೊಳ್ತಾರೆ. ನಿಮ್ಮ ಕೌಂಟರಿಗೆ ಕೆಲಸ ಇಲ್ವಲ್ಲ, ಯಾಕೆ ಸುಮ್ನೆ ತೊಂದ್ರೆ ಕೊಡೋದು ಅಂತ."

ಡೈರಿ ಕೆಳಗೆ ಕಿಂಡಿಯಲ್ಲೇ ಇರುತ್ತದೆ ಸಾರ್, ಒಂದು ಗೆರೆ ಎಳೆದಿದ್ದರೆ ಸಾಕಿತ್ತು ಎಂದು ಅವಳು ಹೇಳಿದಳು. ಮ್ಯಾನೇಜರು ಆಗ ಚಹಾ ಲೋಟ ಕೆಳಗಿಟ್ಟು, ಅವಳು ಗಾಜಿಗೆ ಅಂಟಿಸಿದ ಕಾಗದದ ಫೋಟೋ ಗಾಯಕಿಯ ಕಡೆಯವರಿಗೆ ಮುಟ್ಟಿದೆ, ನಿಮ್ಮ ಸಭಾಂಗಣವೇ ನಮ್ಮ ಕಾರ್ಯಕ್ರಮ ಸುಳ್ಳು ಅನ್ನುತ್ತಿದೆಯಲ್ಲ ಎಂದು ಬೆಳಿಗ್ಗೆ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದಾರೆ, ಯಾರನ್ನು ಕೇಳಿ ಅಂಟಿಸಿದಿರಿ, ಲಿಖಿತ ಉತ್ತರ ಕೊಡಿ ಎಂದರು. ನಕಲಿ ಪುಟದ ಬಗ್ಗೆ ಎಚ್ಚರಿಕೆ ಹಾಕಿಸಿ ಎಂದು ತಾನು ಎರಡು ವಾರದಿಂದ ಬೇಡಿದ್ದು ಅವರಿಗೆ ನೆನಪೇ ಇರಲಿಲ್ಲ. ನುಂಗಲೂ ಆಗದೆ ಉಗುಳಲೂ ಆಗದೆ ಅವಳು ಕೆಳಗಿಳಿದು ಬಂದಳು. ಬಡಗಿಗೆ, ನಿಮ್ಮದು ಅಸಲಿ, ತಪ್ಪು ನಮ್ಮದು ಎಂದಳು. ಅವನು ನಕ್ಕು, ಕಂಬದ ಹಿಂದಾದ್ರೂ ಸರಿ ಬಿಡಿ ಎಂದು ಹೋದ. ಕಾಗದ ಕಿತ್ತರೆ ಅರ್ಧ ಮಾತ್ರ ಬಂತು. ಉಳಿದ ಅಂಟನ್ನು ಉಗುರಿನಿಂದ ಕೆರೆಯುತ್ತಾ ಎಷ್ಟೋ ಹೊತ್ತು ನಿಂತಳು. ಕೈ ಮುಗಿದು ಹೋದ ಆ ಮೂವತ್ತು ನಲವತ್ತು ಮಂದಿಯಲ್ಲಿ ಒಬ್ಬರ ಫೋನ್ ನಂಬರೂ ಅವಳ ಬಳಿ ಇರಲಿಲ್ಲ.

ಮನೆಗೆ ಹೋಗಿ ಅಕ್ಕನಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅಕ್ಕ ಬಟ್ಟೆ ಮಡಚುತ್ತಿದ್ದಳು. ಕಿಂಡಿಯಮ್ಮ ಮ್ಯಾನೇಜರನ್ನು ಬೈದುಕೊಂಡೇ ಎಲ್ಲವನ್ನೂ ಹೇಳಿದಳು. ಡೈರಿಯನ್ನು, ಪಾಲಿಶಿನವರನ್ನು, ಆ್ಯಪನ್ನು, ಯಾರನ್ನೂ ಬಿಡಲಿಲ್ಲ. ಅಕ್ಕ ಮಡಚುವುದನ್ನು ನಿಲ್ಲಿಸದೆ ಕೇಳಿಸಿಕೊಂಡು ಕೊನೆಗೆ ಮಾತಾಡಿದಳು.

"ಅಂದ್ರೆ ನಾನು ನೋಡಿದ್ದು ಸರಿ ಇತ್ತು."

"ಹ್ಞೂಂ."

"ನೀನು ಕಲಿಸಿದ ಹಾಗೇ ಒಂದೊಂದೂ ನೋಡಿದ್ದೆ. ನೀನು ನೋಡ್ಲಿಲ್ಲ. ನಾನು ಹೇಳಿದ್ದನ್ನ ಕೇಳ್ಲೂ ಇಲ್ಲ."

ಬೈದಿದ್ದರೆ ಕಿಂಡಿಯಮ್ಮನಿಗೆ ಹಗುರಾಗುತ್ತಿತ್ತು. ಅಕ್ಕ ಬೈಯಲಿಲ್ಲ. ಟಿಕೆಟ್ ಕಂಪನಿಯ ತಾಣದಲ್ಲೇ, ಬರಲಾಗದವರು ಹಿಂದಿರುಗಿಸಿದ ಟಿಕೆಟ್ ಮತ್ತೆ ಮಾರಾಟಕ್ಕೆ ಬರುತ್ತದೆ ಎಂದು ತಂಗಿಯೇ ಹುಡುಕಿ ತೋರಿಸಿದಳು. ವಾರವಿಡೀ ಇಬ್ಬರೂ ಹೊತ್ತು ಹೊತ್ತಿಗೆ ತೆರೆದು ನೋಡಿದರು. ಒಮ್ಮೆ ಒಂದು ಸೀಟು ಬಂತು, ಒತ್ತುವಷ್ಟರಲ್ಲಿ ಹೋಯಿತು. ಬೇರೆ ಪುಟಗಳಲ್ಲಿ ಭಾನುವಾರದ ಟಿಕೆಟ್ ಇದೆ ಎಂದು ಕೂಗುವವರಿಗೇನೂ ಕೊರತೆಯಿರಲಿಲ್ಲ. ಚಪ್ಪಲಿ ಪುಟವೂ ಈಗ ಭಾನುವಾರವನ್ನು ಮಾರತೊಡಗಿತ್ತು. ಅದನ್ನು ನೋಡಿ ಅಕ್ಕ ಮೊದಲ ಬಾರಿಗೆ ನಕ್ಕಳು, ಆದರೆ ಅದು ಒಳ್ಳೆಯ ನಗುವಾಗಿರಲಿಲ್ಲ.

ಶನಿವಾರ ಬಾಗಿಲಲ್ಲಿ ನಕಲಿ ಟಿಕೆಟಿನ ಹದಿನಾರು ಮಂದಿ ಸೇರಿದರು. ಸ್ಕ್ಯಾನ್ ಯಂತ್ರ ಕೆಂಪು ದೀಪ ತೋರಿಸಿದವರನ್ನೆಲ್ಲ ದ್ವಾರಪಾಲಕ ಕಿಂಡಿಯ ಕಡೆ ಕಳಿಸುತ್ತಿದ್ದ. ಅವರಲ್ಲೊಬ್ಬ ಬಸ್ಸಿನ ಕಂಡಕ್ಟರ್, ಮಗಳ ಜೊತೆ ಬಂದಿದ್ದ. ಟಿಕೆಟಿನಲ್ಲಿ ಐ ಸಾಲು, ಏಳು ಮತ್ತು ಎಂಟು. ಜೀವಮಾನವಿಡೀ ಟಿಕೆಟ್ ಹರಿದುಕೊಟ್ಟವನಿಗೆ ತನ್ನ ಕೈಯಲ್ಲಿರುವುದು ಟಿಕೆಟಲ್ಲ ಎಂದರೆ ಹೇಗೆ ಒಪ್ಪಿಗೆಯಾಗಬೇಕು? ಐ ಸಾಲೇ ಇಲ್ಲ ಎಂದರೆ, ಇಲ್ಲದೆ ಎಲ್ಲಿ ಹೋಗುತ್ತೆ, ಎಚ್ ಆದ್ಮೇಲೆ ಐ ಬರಲೇಬೇಕು ಎಂದು ಹಟ ಹಿಡಿದ. ಕಿಂಡಿಯಮ್ಮ ಎದ್ದು ಬಂದು, ಬಾಗಿಲು ತೆರೆದು, ಅವನನ್ನು ಒಳಗೆ ಕರೆದುಕೊಂಡು ಹೋದಳು. ಅವನು ನಡುದಾರಿಯಲ್ಲಿ ಬಗ್ಗಿ ಒಂದೊಂದು ಸಾಲಿನ ಹಿತ್ತಾಳೆ ಅಕ್ಷರವನ್ನೂ ಬೆರಳಿಟ್ಟು ಓದಿದ. ಜಿ, ಎಚ್, ಜೆ. ಮತ್ತೊಮ್ಮೆ ಹಿಂದೆ ಬಂದು ಓದಿದ. ಆಮೇಲೆ ಹೊರಗೆ ಬಂದು ಮಗಳ ಕೈ ಹಿಡಿದ. ಆ ಹುಡುಗಿ ಅಳಲೂ ಇಲ್ಲ, ಶರ್ಟಾದ್ರೂ ಬರುತ್ತಾ ಎಂದು ಕೇಳಿದಳು. ಅದೂ ಬರುವುದಿಲ್ಲ ಎಂದು ಹೇಳಬೇಕಾದವಳೂ ಕಿಂಡಿಯಮ್ಮನೇ.

ಭಾನುವಾರ ಸಭಾಂಗಣ ತುಂಬಿತ್ತು, ಆದರೂ ಅಲ್ಲಲ್ಲಿ ಹನ್ನೆರಡು ಕುರ್ಚಿ ಖಾಲಿ ಇದ್ದವು. ಟಿಕೆಟ್ ಕೊಂಡು, ಆಮೇಲೆ ಯಾವುದೋ ಕಾಗದ ಓದಿ ಮನೆಯಲ್ಲೇ ಉಳಿದವರದ್ದು ಇರಬಹುದು ಎಂದು ಕಿಂಡಿಯಮ್ಮನಿಗೆ ಅನ್ನಿಸಿತು. ಬೇರೆ ಕಾರಣವೂ ಇರಬಹುದು. ಮಾರಾಟವಾದ ಕುರ್ಚಿ ಖಾಲಿ ಇದೆಯೆಂದು ಬೇರೆಯವರನ್ನು ಕೂರಿಸುವ ಹಾಗಿರಲಿಲ್ಲ, ಕೊನೇ ಗಳಿಗೆಯಲ್ಲಿ ಅವರು ಬಂದರೆ? ಮೊದಲ ಹಾಡಿನ ಸದ್ದು ಬಾಗಿಲ ಸಂದಿಯಿಂದ ಬರುತ್ತಿದ್ದಂತೆ ಅವಳು ಅಕ್ಕನಿಗೆ ಫೋನ್ ಮಾಡಿ, ಇಲ್ಲಿ ನನ್ನ ಕೋಣೆಗಾದ್ರೂ ಬಾ, ಅರ್ಧಂಬರ್ಧ ಕೇಳುತ್ತೆ ಎಂದಳು. ಅರ್ಧಂಬರ್ಧ ಮನೆಯಲ್ಲೇ ಕೇಳ್ತೀನಿ ಬಿಡು ಎಂದು ಅಕ್ಕ ಫೋನಿಟ್ಟಳು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಕ್ಕ ಬ್ಯಾಗು ಹಿಡಿದು ಹೊರಟು ನಿಂತಿದ್ದಳು. ನಾಲ್ಕು ತಾಸು ಬಸ್ಸಿನ ದೂರದ ಊರಲ್ಲಿ ಒಡಕುದನಿಯ ಕಾರ್ಯಕ್ರಮ, ಟಿಕೆಟ್ ತೆಗೆದುಕೊಂಡಿದ್ದೇನೆ, ನಾಳೆ ಬರುತ್ತೇನೆ ಎಂದಳು. ಯಾವ ಲಿಂಕಿನಿಂದ ತೆಗೆದುಕೊಂಡೆ ಎಂಬ ಪ್ರಶ್ನೆ ಕಿಂಡಿಯಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ತಡೆದುಕೊಂಡಳು. ಆ ಇಡೀ ದಿನ ಕಿಂಡಿಯಲ್ಲಿ ಅವಳ ಕಣ್ಣು ಫೋನಿನ ಮೇಲೇ ಇತ್ತು. ಸಂಜೆ ಅಕ್ಕನಿಂದ ಒಂದು ಫೋಟೋ ಬಂತು, ದೂರದಲ್ಲಿ ಬೆಳಕಿನ ನಡುವೆ ನಿಂತ ಸಣ್ಣ ಆಕೃತಿ. ಜೊತೆಗೆ ಒಂದಕ್ಷರವೂ ಇರಲಿಲ್ಲ.

ಮ್ಯಾನೇಜರಿಗೆ ಕೊಟ್ಟ ಲಿಖಿತ ಉತ್ತರದ ಕೊನೆಯಲ್ಲಿ, ಇನ್ನು ಮುಂದೆ ಯಾರೇ ಕಾರ್ಯಕ್ರಮ ಒಪ್ಪಿದರೂ ಡೈರಿಯಲ್ಲಿ ಬರೆಯಬೇಕು, ಯಾರು ಟಿಕೆಟ್ ಮಾರುತ್ತಾರೆಂದೂ ಬರೆಯಬೇಕು ಎಂದು ಅವಳು ಬೇಡಿಕೆ ಸೇರಿಸಿದ್ದಳು. ಅವರು ಅದನ್ನು ಓದಿ, ಒಳ್ಳೆ ಸಲಹೆ, ನೋಡೋಣ ಎಂದರು. ಏಳನೇ ದೂರಿನ ಹೊತ್ತಿಗೆ ನಕಲಿ ಪುಟ ಒಡಕುದನಿಯ ಹೆಸರನ್ನು ತಾನೇ ಕಳಚಿಕೊಂಡು ಒಂದು ಜಾದೂಗಾರರ ತಂಡದ ಪುಟವಾಗಿ ಮಾರ್ಪಟ್ಟಿತ್ತು. ಎಂಬತ್ತು ಸಾವಿರ ಹಿಂಬಾಲಕರು ಈಗ ಒಂದು ಲಕ್ಷ ಆಗಿದ್ದರು.

ಸೋಮವಾರ ಒಬ್ಬ ಹೆಂಗಸು ಬಗ್ಗಿ ಫೋನನ್ನು ಗಾಜಿಗೆ ಒತ್ತಿದಳು. ಜಾದೂ ಪ್ರದರ್ಶನ, ಮುಂದಿನ ತಿಂಗಳು ಇಪ್ಪತ್ತು, ಇದೇ ಸಭಾಂಗಣ. ಕಿಂಡಿಯಮ್ಮ ವಿಳಾಸ ಓದಿದಳು, ಬಾಲ ನೋಡಿದಳು. ಲಿಂಕು ಸುಳ್ಳು ಎಂದು ತಕ್ಷಣ ಹೇಳಿದಳು. ಹಾಗಾದರೆ ಇಪ್ಪತ್ತಕ್ಕೆ ಕಾರ್ಯಕ್ರಮವೇ ಇಲ್ಲವಾ ಎಂದು ಆ ಹೆಂಗಸು ಕೇಳಿದಳು. ಡೈರಿಯಲ್ಲಿ ಇಪ್ಪತ್ತರ ಎದುರಿಗೆ ಏನೂ ಇರಲಿಲ್ಲ.

"ಗೊತ್ತಿಲ್ಲ," ಎಂದಳು ಕಿಂಡಿಯಮ್ಮ. "ವಿಚಾರಿಸಿ ಹೇಳ್ತೀನಿ, ಒಂದು ನಿಮಿಷ ಇರಿ."

ಮಹಡಿ ಹತ್ತಿದರೆ ಮ್ಯಾನೇಜರ ಕೋಣೆಗೆ ಬೀಗ ಹಾಕಿತ್ತು.